ಸೂರ್ಯದೇವ ಕೊಟ್ಟರೂ ಟಿ.ಸಿ. ಕೊಡದು

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಹುಟ್ಟಿದ ಕಾಲದಲ್ಲಿ ಟ್ರಾನ್ಸ್‌ಫಾರ್ಮರ್ ಇರಲಿಲ್ಲ. ಈಗ ಪೂಜಾರಿಯ ಜಾಗದಲ್ಲಿ, ಎರಡು ಕಂಬಗಳ ನಡುವೆ, ಟಿ.ಸಿ. ಎಂಬ ಹೆಸರಿನಲ್ಲಿ ಅದೇ ಕುಳಿತಿದೆ. ಮಹಡಿಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ಎಂದು ದೆಹಲಿ ಕರೆಯುತ್ತದೆ. ಕರೆಗೆ ಓಗೊಟ್ಟು ಹೋದವರಿಗೆ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ಒಂದು ಹಿಂಬರಹ ಸಿಗುತ್ತದೆ: ‘ಸದರಿ ಪರಿವರ್ತಕದಲ್ಲಿ ಸಾಮರ್ಥ್ಯ ಲಭ್ಯವಿರುವುದಿಲ್ಲ.’

ಲೆಕ್ಕ ಹೀಗಿದೆ. ಮನೆಯಲ್ಲಿ ಬಳಸಿ ಮಿಕ್ಕ ಸೋಲಾರ್ ಕರೆಂಟ್ ತಂತಿಯಲ್ಲಿ ಹಿಂದಕ್ಕೆ, ಟಿ.ಸಿ.ಯತ್ತ ಹರಿಯುತ್ತದೆ. ಒಂದು ಟಿ.ಸಿ.ಯ ಕೆಳಗೆ ಒಟ್ಟು ಎಷ್ಟು ಸೋಲಾರ್ ಸೇರಿಸಬಹುದು ಎಂಬುದಕ್ಕೆ, ಅದರ ಸಾಮರ್ಥ್ಯದ ಶೇಕಡಾ ಇಷ್ಟು ಎಂದು ಮಿತಿ ಹಾಕುವುದು ರೂಢಿ. ರಾಜ್ಯ ಬದಲಾದಂತೆ, ಆದೇಶ ಬದಲಾದಂತೆ ಆ ಶೇಕಡಾವೂ ಬದಲಾಗುತ್ತದೆ. ಉದಾಹರಣೆಗೆ 80 ಎಂದಿಟ್ಟುಕೊಳ್ಳೋಣ. ಬಡಾವಣೆಯದು 100 ಕೆವಿಎ ಟಿ.ಸಿ., ಅಂದರೆ 80 ಕಿಲೋವ್ಯಾಟ್‌ಗೆ ಜಾಗ. ರಿಜಿಸ್ಟರಿನಲ್ಲಿ ಆಗಲೇ 78 ಏರಿದೆ. ಹೊಸ ಅರ್ಜಿ 3. ಒಂದು ಕಿಲೋವ್ಯಾಟ್ ಹೆಚ್ಚು, ಹೌಸ್‌ಫುಲ್.

ಆದರೆ ಆ 78ರಲ್ಲಿ ಮಹಡಿ ಹತ್ತಿದ್ದು 45 ಮಾತ್ರ ಎಂದುಕೊಳ್ಳಿ. ಉಳಿದ 33ರಲ್ಲಿ 20 ಒಬ್ಬ ಬಿಲ್ಡರ್‌ನದು. ಆತ ಮಂಜೂರಾತಿ ಪಡೆದಿದ್ದಾನೆ, ಪ್ಯಾನಲ್ ಕೊಂಡಿಲ್ಲ. ಮಿಕ್ಕವರಲ್ಲಿ ಕೆಲವರು ಮೇಲೊಂದು ಮಹಡಿ ಎತ್ತಿದರು, ಕೆಲವರ ಏಜೆಂಟ್ ಫೋನ್ ಎತ್ತುವುದನ್ನು ನಿಲ್ಲಿಸಿದ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಇಳಿದು ಹೋದವರಿಗೆ ಕಂಡಕ್ಟರ್ ಕೂಡ ಇಷ್ಟು ಮರ್ಯಾದೆ ಕೊಡುವುದಿಲ್ಲ. ಆದ್ದರಿಂದ ಹಿಂಬರಹ ಸಿಕ್ಕವರು ಕೇಳಬೇಕಾದ ಮೊದಲ ಪ್ರಶ್ನೆ, ‘ಮಂಜೂರಾಗಿದ್ದೆಷ್ಟು, ಚಾಲೂ ಆಗಿದ್ದೆಷ್ಟು?’ ಎರಡನ್ನೂ ಬೇರೆ ಬೇರೆಯಾಗಿ, ಟಿ.ಸಿ. ಕಂಬದ ಮೇಲೆ ಬರೆದಿರುವ ಸಂಖ್ಯೆಯನ್ನು ನಮೂದಿಸಿ, ಬರಹದಲ್ಲೇ ಕೇಳಬೇಕು.

ಇನ್ನು ಟಿ.ಸಿ.ಯ ಕಷ್ಟಸುಖ ನೋಡೋಣ. ಸುಡುಬಿಸಿಲಿನಲ್ಲಿ 45 ಕಿಲೋವ್ಯಾಟ್ ಪ್ಯಾನಲ್ ಹೆಚ್ಚೆಂದರೆ 36ರಷ್ಟು ಕೊಟ್ಟೀತು. ಮನೆಗಳ ಫ್ರಿಜ್, ಪಂಪು ಸೇರಿ 10 ಅಲ್ಲೇ ಕರಗುತ್ತದೆ. ಟಿ.ಸಿ. ಹಿಂದಕ್ಕೆ ದಾಟಿಸಬೇಕಾದದ್ದು 26, ಅದರ ತಾಕತ್ತಿನ ಕಾಲು ಭಾಗ. ಕರೆಂಟ್ ಬರುತ್ತಿದೆಯೋ ಹೋಗುತ್ತಿದೆಯೋ ಎಂಬ ಭೇದ ಅದರೊಳಗಿನ ಸುರುಳಿಗಿಲ್ಲ. ಎರಡೂ ಕಡೆ ಕಾವು ಒಂದೇ. ರಾತ್ರಿ ಏಳೂವರೆಗೆ ಇದೇ ಬಡಾವಣೆ 90 ಕೆವಿಎ ಎಳೆಯುವಾಗ ಎಣ್ಣೆ ಬಿಸಿಯೇರಿ ಟಿ.ಸಿ. ಗುಂಯ್‌ಗುಡುತ್ತದೆ. ಆಗ ಯಾರಿಗೂ ಹಿಂಬರಹ ಇಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಮಿತಿ ಹಾಕಿದವರು ದಡ್ಡರಲ್ಲ. ಎಲ್ಲರ ಗೀಸರೂ ಒಂದೇ ಗಳಿಗೆಯಲ್ಲಿ ಉರಿಯುವುದಿಲ್ಲ, ಆದರೆ ಎಲ್ಲರ ಪ್ಯಾನಲ್ಲಿಗೂ ಮಧ್ಯಾಹ್ನ ಒಂದೇ. ಏಪ್ರಿಲ್ ತಿಂಗಳಲ್ಲಿ ಬಡಾವಣೆಗೆ ಬಡಾವಣೆಯೇ ಮದುವೆಗೆ ಹೋಗಿರುವ ಭಾನುವಾರವನ್ನು ನೆನೆದು ಮಿತಿ ಬೇಕೇ ಬೇಕು. ವಿಚಿತ್ರ ಇರುವುದು ಅಳತೆಗೋಲಿನಲ್ಲಿ. ರಿಜಿಸ್ಟರು ಕಿಲೋವ್ಯಾಟ್ ಎಣಿಸುತ್ತದೆ, ತಂತಿಯ ಮೀಟರು-ಮಾರು ಎಣಿಸುವುದಿಲ್ಲ.

ಏಕೆಂದರೆ ನಮ್ಮ ಗಲ್ಲಿಗಳಲ್ಲಿ ಸೋಲಾರ್ ಮೊದಲು ಎಡವುವುದು ಟಿ.ಸಿ.ಯಲ್ಲಲ್ಲ, ತಂತಿಯಲ್ಲಿ. ಟಿ.ಸಿ.ಯ ತಗಡಿನ ಮೇಲೆ 11,000/433 ವೋಲ್ಟ್ ಎಂದು ಬರೆದಿರುತ್ತದೆ. 433 ಎಂದರೆ ಒಂದೊಂದು ಫೇಸಿಗೆ 250. ಮನೆಗೆ ಬರಬೇಕಾದದ್ದು 230, ಶೇ. 6 ಹೆಚ್ಚು ಕಡಿಮೆ ಸೇರಿಸಿದರೆ ಜಾಸ್ತಿಯೆಂದರೆ 244. ಅಂದರೆ ಲೋಡ್ ಇಲ್ಲದ ಮಧ್ಯಾಹ್ನ ಕರೆಂಟ್ ಹುಟ್ಟುವಾಗಲೇ ಮಿತಿ ಮೀರಿರುತ್ತದೆ. ಸೋಲಾರ್ ಇನ್ವರ್ಟರ್ ಮಾತ್ರ ಪಾಪದ ಪ್ರಾಣಿ, 230ರ ಮೇಲೆ ಶೇ. 10, ಅಂದರೆ 253 ದಾಟಿದರೆ ನಿಯಮದಂತೆ ಕೈಬಿಡುತ್ತದೆ. 250ರಿಂದ 253ಕ್ಕೆ ಮೂರೇ ವೋಲ್ಟ್. ಇಡೀ ಬಡಾವಣೆಯ ಸೌರಕ್ರಾಂತಿ ಆ ಮೂರು ವೋಲ್ಟಿನ ಸಂದಿಯಲ್ಲಿ ನಡೆಯಬೇಕು.

ಈಗ ಟಿ.ಸಿ.ಯಿಂದ 300 ಮೀಟರ್ ದೂರದ ಕೊನೆ ಮನೆಯಲ್ಲಿ 5 ಕಿಲೋವ್ಯಾಟಿನ ಸಿಂಗಲ್ ಫೇಸ್ ಇನ್ವರ್ಟರ್ ಇದೆ ಎನ್ನಿ. ಅದು ಸುಮಾರು 20 ಆಂಪಿಯರ್ ತಳ್ಳುತ್ತದೆ. ಕಂಬದ ಮೇಲಿನ ಹಳೆಯ, ವೀಸಲ್ ಎಂಬ ತೆಳು ತಂತಿಗೆ ಕಿಲೋಮೀಟರಿಗೆ ಹೆಚ್ಚು ಕಡಿಮೆ 0.9 ಓಮ್ ತಡೆ. ಫೇಸಿನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ಮರಳಿದರೆ ಒಟ್ಟು 0.54 ಓಮ್. ಗುಣಿಸಿದರೆ ಮನೆಯ ಬಳಿ ವೋಲ್ಟೇಜ್ 11 ಏರುತ್ತದೆ, 250 ಹೋಗಿ 261. ಇನ್ವರ್ಟರ್ ಕೈಬಿಟ್ಟಿತು. ಕೈಬಿಟ್ಟೊಡನೆ ವೋಲ್ಟೇಜ್ 250ಕ್ಕೆ ಇಳಿಯಿತು, ಸ್ವಲ್ಪ ಹೊತ್ತು ಕಾದು ಅದು ಮತ್ತೆ ಕೈ ಹಿಡಿಯಿತು, ಮತ್ತೆ ಬಿಟ್ಟಿತು. ಮೊಬೈಲ್ ಆ್ಯಪಿನಲ್ಲಿ ಆ ದಿನದ ಗೆರೆ ಗುಡ್ಡದಂತೆ ಕಾಣುವ ಬದಲು ಹನ್ನೊಂದರಿಂದ ಎರಡರವರೆಗೆ ಬಾಚಣಿಗೆಯ ಹಲ್ಲಿನಂತೆ ಕಂಡರೆ ರೋಗ ಇದೇ. ಪ್ಯಾನಲ್ ತೊಳೆಯಲು ಬಕೆಟ್ ಹಿಡಿದು ಮಹಡಿ ಹತ್ತಿ ಪ್ರಯೋಜನವಿಲ್ಲ.

ಅದೇ 5 ಕಿಲೋವ್ಯಾಟ್ ಮೂರು ಫೇಸಿಗೆ ಹಂಚಿದರೆ ಒಂದೊಂದರಲ್ಲಿ 7 ಆಂಪಿಯರ್. ನ್ಯೂಟ್ರಲ್‌ನಲ್ಲಿ ಒಂದನ್ನೊಂದು ತೀರಿಸಿಕೊಂಡು ಏರಿಕೆ 2 ವೋಲ್ಟಿಗೆ ನಿಲ್ಲುತ್ತದೆ. ಟಿ.ಸಿ. ಅದೇ, ತಂತಿ ಅದೇ. ಆದರೆ ಯಾವ ಮನೆ ಯಾವ ಫೇಸಿನಲ್ಲಿದೆ ಎಂದು ಕೇಳಿ ನೋಡಿ. ಅಂದು ಕಂಬ ಹತ್ತಿದ ಲೈನ್‌ಮನ್‌ನ ಕೈಗೆ ಯಾವುದು ಎಟುಕಿತೋ ಅದು.

ಹೀಗಾಗಿ ಟಿ.ಸಿ.ಯ ನೆರಳಲ್ಲೇ ಇರುವ, ಯಾರಿಗೂ ತೊಂದರೆ ಕೊಡದ ಮನೆಯ 3 ಕಿಲೋವ್ಯಾಟಿಗೆ ‘ಸಾಮರ್ಥ್ಯ ಇಲ್ಲ’. ಕಳೆದ ವರ್ಷವೇ ಕೊನೆ ಮನೆಯ 5 ಕಿಲೋವ್ಯಾಟಿಗೆ ‘ಮಂಜೂರು’. ಮೊದಲು ಬಂದವರಿಗೆ ಆದ್ಯತೆ ಎಂಬ ತತ್ವಕ್ಕೆ ಓಮನ ನಿಯಮ ಗೊತ್ತಿಲ್ಲ. ಅರ್ಜಿದಾರ ಮತ್ತೆ ಸೆಕ್ಷನ್ ಆಫೀಸಿನ ಮೆಟ್ಟಿಲು ಹತ್ತುತ್ತಾನೆ.

‘ಸಾರ್, ಹತ್ತು ಕಿಲೋವ್ಯಾಟ್ ತನಕ ಪರಿಶೀಲನೆಯೇ ಬೇಡ, ಒಪ್ಪಿದಂತೆ ಅಂತ 2024ರ ಫೆಬ್ರವರಿಯಲ್ಲೇ ಕೇಂದ್ರದ ನಿಯಮ ಬಂದಿದೆಯಲ್ಲ?’

‘ಬಂದಿದೆ ಸ್ವಾಮಿ. ಟಿ.ಸಿ. ಓದಿಲ್ಲ.’

‘ಐದು ಕಿಲೋವ್ಯಾಟ್ ತನಕ ಲೈನು ಬಲಪಡಿಸೋ ಖರ್ಚು ಕಂಪನಿಯದೇ ಅಂತಲೂ ಇದೆಯಲ್ಲ ಸಾರ್?’

‘ಹೌದು, 250 ಕೆವಿಎ ಟಿ.ಸಿ.ಗೆ ಪ್ರಸ್ತಾವನೆ ಕಳಿಸಿದ್ದೇವೆ. ಬೇಗ ಬೇಕಾದರೆ ಸೆಲ್ಫ್ ಎಕ್ಸಿಕ್ಯೂಷನ್‌ನಲ್ಲಿ ನೀವೇ ಹಾಕಿಸಿಕೊಳ್ಳಿ.’

ಅಂದರೆ ಮೊದಲ 78 ಕಿಲೋವ್ಯಾಟ್ ಉಚಿತ, ಒಂದು ಕಿಲೋವ್ಯಾಟ್ ಹೆಚ್ಚು ಕೇಳಿದವನ ತಲೆಗೆ ಇಡೀ ಟ್ರಾನ್ಸ್‌ಫಾರ್ಮರ್. ಕಟ್ಟೆಯ ಮೇಲೆ ಕೊನೆಗೆ ಕುಳಿತವನೇ ಕಟ್ಟೆ ಕಟ್ಟಿಸಬೇಕು. 250 ಕೆವಿಎ ಬಂದರೂ ವೀಸಲ್ ತಂತಿ ವೀಸಲ್ಲೇ. ಮಿತಿ 200ಕ್ಕೆ ಏರುತ್ತದೆ, ಕೊನೆ ಮನೆಯ ಬಾಚಣಿಗೆಗೆ ಇನ್ನಷ್ಟು ಹಲ್ಲು ಮೂಡುತ್ತದೆ. ಅರ್ಜಿಯ ಜೊತೆ ಲಗತ್ತಿಸಬೇಕಾದ ಕಾಗದ ಬೇರೆ ಇದೆ: ಒಂದು ವಾರ ಮಧ್ಯಾಹ್ನ ಹನ್ನೆರಡೂವರೆಗೂ ರಾತ್ರಿ ಏಳೂವರೆಗೂ ಮನೆಯ ಮೀಟರ್ ಬಳಿ ಅಳೆದ ವೋಲ್ಟೇಜ್. ಮಧ್ಯಾಹ್ನ 240ರ ಒಳಗಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. 250ರ ಸುತ್ತ ಆಡುತ್ತಿದ್ದರೆ ಮಂಜೂರಾತಿ ಸಿಕ್ಕರೂ ಸುಖವಿಲ್ಲ. ಮೊದಲು ಫೇಸ್ ಹಂಚಿಕೆ ಸರಿಮಾಡಿಸಿ, ವೋಲ್ಟೇಜ್ ಏರಿಸಿ ಇಳಿಸುವ ಟ್ಯಾಪ್ ಇರುವ ದೊಡ್ಡ ಟಿ.ಸಿ.ಯಾದರೆ ಒಂದು ಮೆಟ್ಟಿಲು ಇಳಿಸಲು ಕೇಳಿ. ಇಳಿಸಿದ ಮೇಲೆ ರಾತ್ರಿ ಕೊನೆ ಮನೆಯ ಬಲ್ಬ್ ಮಂಕಾಗದಂತೆ ನೋಡಿಕೊಳ್ಳುವುದೂ ಅದೇ ಲೆಕ್ಕದ ಭಾಗ.

ಸದ್ಯಕ್ಕೆ ಆ 3 ಕಿಲೋವ್ಯಾಟಿನ ಅರ್ಜಿದಾರ ಹಿಂಬರಹ ಮಡಚಿಟ್ಟು, ಸೆಕೆ ತಾಳಲಾರದೆ ಒಂದೂವರೆ ಟನ್ನಿನ ಎರಡು ಎ.ಸಿ. ತಂದಿದ್ದಾನೆ. ಟಿ.ಸಿ.ಯಲ್ಲಿ ಜಾಗವಿದೆಯೇ ಎಂದು ಯಾರೂ ಕೇಳಲಿಲ್ಲ. ಅಂಗಡಿಯವರು ಸಂಜೆಯೇ ಬಂದು ಜೋಡಿಸಿ ಹೋದರು. ಏಳೂವರೆಗೆ ಎರಡನ್ನೂ ಹಾಕಿದ.