ತುಪ್ಪದ ದರ, ತಲಿ ಲೆಕ್ಕ

ಅಕ್ಕನ ಮಗಳ ಮದುವೆ ಗದಗಿನಲ್ಲಿ. ಸಾಮಾನು ನಮ್ಮದು, ಕೈ ಅಡಿಗೆಯವರದು ಎಂದು ಮಾತಾಗಿತ್ತು. ತುಪ್ಪ ಕೆಜಿಗೆ 700 ಎಂದ ಅಂಗಡಿಯವನ ಮುಂದೆ ನಮ್ಮ ಕಾಕಾ ಅರ್ಧ ದಿನ ಕೂತು 650ಕ್ಕೆ ಇಳಿಸಿದರು. ಮನೆಗೆ ಬಂದವರು ಚಹಾ ಕೇಳುವ ಮೊದಲೇ ಈ ಸುದ್ದಿ ಹೇಳಿದರು.

"ತುಪ್ಪದ ಮಾತು ಇರ್ಲಿ ಬಿಡ್ರಿ. ತಲಿ ಎಷ್ಟು, ಅದನ್ನ ಹೇಳ್ರಿ" ಎಂದರು ಅಡಿಗೆ ಹಿರಿಯರು.

"ಐನೂರು."

"ಲಗ್ನಪತ್ರ ಐನೂರೋ, ಉಣ್ಣೋ ಎಲಿ ಐನೂರೋ?"

ಕಾಕಾ ಸುಮ್ನಾದರು. ನಾನು ಹಾಳೆ ತೆಗೆದುಕೊಂಡು ಗೋಧಿ ಹುಗ್ಗಿಯ ಲೆಕ್ಕ ಹಾಕಿದೆ. 500 ಜನಕ್ಕೆ ಕುಟ್ಟಿದ ಗೋಧಿ 25 ಕೆಜಿ, 1,250 ರೂಪಾಯಿ. ಬೆಲ್ಲ 30 ಕೆಜಿ, 1,500. ತುಪ್ಪ 5 ಕೆಜಿ, 3,250. ಕೊಬ್ಬರಿ, ಗಸಗಸೆ, ಏಲಕ್ಕಿ, ಗೋಡಂಬಿಗೆ 1,500. ಒಟ್ಟು 7,500, ಅಂದರೆ ಎಲೆಗೆ 15 ರೂಪಾಯಿ. ಹೆಸರು ಗೋಧಿಯದು, ಖರ್ಚು ತುಪ್ಪದ್ದು! ಆದರೂ ಕಾಕಾ ಉಳಿಸಿದ್ದು 250 ರೂಪಾಯಿ. ಎಲೆಗೆ 50 ಪೈಸೆ. ಅದನ್ನು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು, ಭಜಿ ಎಲ್ಲ ಸೇರಿ ಸಾಮಾನು 40,000 ಆಯಿತು, ಎಲೆಗೆ 80. ಅಡಿಗೆಯವರ ಕೂಲಿ, ಗ್ಯಾಸು, ಪಾತ್ರೆ ಬಾಡಿಗೆ, ಗಾಡಿ ಬೇರೆ 20,000. ಈ 20,000 ಮೊಂಡು ಖರ್ಚು. ನೂರು ಜನ ಕಡಿಮೆ ಬಂದರೂ ಅದು ಜಗ್ಗುವುದಿಲ್ಲ. 60,000ವನ್ನು 500ರಿಂದ ಭಾಗಿಸಿದರೆ ಎಲೆಗೆ 120.

ಮದುವೆ ದಿನ ಊರಲ್ಲಿ ಇನ್ನೂ ನಾಲ್ಕು ಮದುವೆ. ಕಡೆ ಪಂಕ್ತಿ ಎದ್ದ ಮೇಲೆ ಹಿರಿಯರು ಉಳಿದ ಬಾಳೆ ಎಲೆ ಎಣಿಸಿದರು. ತಂದದ್ದು 500, ಉಳಿದದ್ದು 100. ಇವರ ಹಾಜರಿ ಪುಸ್ತಕ ಅದೇ. ಉಂಡವರು 400 ಎಂದು ಮೊದಲೇ ಗೊತ್ತಿದ್ದರೆ ಸಾಮಾನು 32,000, ಒಟ್ಟು 52,000, ಎಲೆಗೆ 130 ಆಗುತ್ತಿತ್ತು. ಈಗ 60,000ಕ್ಕೆ 400 ಎಲೆ, ತಲಾ 150.

ಪೂರ್ತಿ ಹಾಗೂ ಅಲ್ಲ. ಹಿರಿಯರು ಕಡೆಯ 10 ಕೆಜಿ ಅಕ್ಕಿಯನ್ನು ಒಲೆಗೆ ಹಾಕದೆ ಹಿಡಿದಿದ್ದರು. ಜನ ಬಂದದ್ದು ನೋಡಿಕೊಂಡು ಅನ್ನ ಇಡಬಹುದು, ಅರ್ಧ ಗಂಟೆಯ ಕೆಲಸ. 600 ರೂಪಾಯಿಯ ಅಕ್ಕಿ ಹಾಗೇ ವಾಪಸ್ ಬಂತು, ಎಲೆಗೆ ಒಂದೂವರೆ ರೂಪಾಯಿ ಇಳಿಯಿತು. ಹುಗ್ಗಿಯ ಗೋಧಿ ಮಾತ್ರ ರಾತ್ರಿಯೇ ನೆನೆದಿತ್ತು. ನೆನೆದ ಗೋಧಿಗೆ ಬ್ಯಾಡ ಅನ್ನೋದು ಆಗುತ್ತದೆಯೇ?

ಮೂರು ದಿನ ಓಣಿಯವರೆಲ್ಲ ಹುಗ್ಗಿ ಉಂಡರು. ತುಪ್ಪ ಎಷ್ಟಕ್ಕೆ ತಂದದ್ದು ಎಂದು ಕಾಕಾ ಪ್ರತಿಯೊಬ್ಬರಿಗೂ ಹೇಳಿದರು.