ಮೈನಸ್ ನಲವತ್ತರ ಮಹಿಮೆ

ಆ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಮೇಲೊಂದು ಸ್ಟೆತಸ್ಕೋಪ್, ಕೆಳಗೆ ಕೆಂಪಕ್ಷರದಲ್ಲಿ "ಮೈನಸ್ 40 ತೆಗೆದವನು ನಾಳೆ ನಿಮ್ಮ ಹೊಟ್ಟೆ ಕೊಯ್ಯುತ್ತಾನೆ, ಎಲ್ಲ ಮೀಸಲಾತಿಯ ಮಹಿಮೆ" ಎಂಬ ಒಕ್ಕಣೆ, ಅದಕ್ಕೂ ಕೆಳಗೆ ಕೈಮುಗಿದ ಇಮೋಜಿ. 2026ರ ಜನವರಿಯಲ್ಲಿ ನೀಟ್ ಪಿಜಿ ಕಟಾಫ್ ಇಳಿಸಿದಾಗಿನಿಂದ ಅದು ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹಾರುತ್ತಲೇ ಇದೆ. ಎಸ್‌ಸಿ, ಎಸ್‌ಟಿ, ಒಬಿಸಿಗೆ ಸೊನ್ನೆ ಪರ್ಸೆಂಟೈಲ್, ಅಂದರೆ 800ಕ್ಕೆ ಮೈನಸ್ 40. ಸುದ್ದಿ ಸುಳ್ಳಲ್ಲ. ಅರ್ಧ ಸುದ್ದಿ, ಅಷ್ಟೆ. ಉಳಿದರ್ಧದಲ್ಲಿ ಜನರಲ್ ಕೆಟಗರಿಯೂ 276ರಿಂದ 103ಕ್ಕೆ ಇಳಿದ ವಿಷಯವಿತ್ತು. ಕೆಂಪಕ್ಷರಕ್ಕೆ ಜಾಗ ಸಾಲದೆ ಅದನ್ನು ಬಿಟ್ಟಿರಬೇಕು.

ಮೊದಲು ಈ ಮೈನಸ್ 40ಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸೋಣ. ಅದು ಸುಲಭಕ್ಕೆ ದಕ್ಕುವ ಅಂಕವಲ್ಲ. ಪರೀಕ್ಷೆಯಲ್ಲಿ 200 ಪ್ರಶ್ನೆ. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಳೆಯುತ್ತಾರೆ. ಏನೂ ಬರೆಯದೆ ಎದ್ದು ಬಂದವನಿಗೆ ಸೊನ್ನೆ. ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ ಇರುವುದರಿಂದ, ಕಣ್ಣು ಮುಚ್ಚಿ ಎಲ್ಲಕ್ಕೂ ಗುರುತು ಹಾಕಿದರೆ ಸರಾಸರಿ 50 ಸರಿ, 150 ತಪ್ಪು. ಸರಿ ಉತ್ತರದ 200 ಅಂಕದಲ್ಲಿ 150 ಕಳೆದರೆ ಕೈಯಲ್ಲಿ 50 ಅಂಕ. ಪರೀಕ್ಷಾ ಹಾಲಿಗೆ ಕುರಿ ಬಿಟ್ಟು ಮೌಸ್ ಮೇಲೆ ಅದರ ಕಾಲಿಡಿಸಿದರೂ ಸರಾಸರಿ ಐವತ್ತು ಬರುತ್ತದೆ. ಎಲ್ಲ ಪ್ರಶ್ನೆಗೂ ಉತ್ತರಿಸಿ ಮೈನಸ್ 40 ಪಡೆಯಬೇಕಾದರೆ 168 ತಪ್ಪು ಮಾಡಬೇಕು.

ಈಗ ಅದೇ ಕುರಿಯನ್ನು ಜನರಲ್ ಕಟಾಫ್ ಪಕ್ಕ ನಿಲ್ಲಿಸಿ. 103 ದಾಟಲು, ಎಲ್ಲಕ್ಕೂ ಉತ್ತರಿಸಿದರೆ, 61 ಸರಿ ಇರಬೇಕು. ಕುರಿಗೆ 50 ಸರಿ ಬರುತ್ತದೆ. ನಮ್ಮ ನಾಡಿನ ಪ್ರತಿಭೆಗೂ ಕುರಿಗೂ ಸದ್ಯಕ್ಕೆ ಹನ್ನೊಂದು ಪ್ರಶ್ನೆಗಳ ಅಂತರ. ಪರ್ಸೆಂಟೈಲ್ ಲೆಕ್ಕದಲ್ಲಿ ಈ 103 ಏಳಾಗುತ್ತದೆ. ಎಂದರೆ ಪರೀಕ್ಷೆ ಬರೆದ ನೂರು ಜನರಲ್ಲಿ ನಿಮ್ಮ ಬೆನ್ನ ಹಿಂದೆ ಏಳು ಜನ ಇದ್ದರೆ ಸಾಕು, ನೀವು ಅರ್ಹರು.

ಕಟಾಫ್ ಇಳಿಸಿ ಎಂದು ಮೀಸಲಾತಿಯವರೇನೂ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿರಲಿಲ್ಲ. ಕೂಗಿದ್ದು ಖಾಲಿ ಸೀಟುಗಳು. ಪಿಜಿ ಸೀಟು ಖಾಲಿ ಉಳಿಯುವುದು ಹೆಚ್ಚಾಗಿ ಎರಡು ಕಡೆ. ಒಂದು, ಫೀಸು ಕೇಳಿದರೆ ಬಿಪಿ ಏರುವ ಖಾಸಗಿ ಕಾಲೇಜು. ಇನ್ನೊಂದು, ಪ್ರಾಕ್ಟೀಸಿಗೆ ಒದಗದ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯಂಥ ವಿಭಾಗ. ನಿಮ್ಮ ಹೊಟ್ಟೆಯ ಬಗ್ಗೆ ಭಯ ಬೇಡ, ಅನಾಟಮಿಯವರ ಕೈಗೆ ಸಿಗುವವರು ಅದಕ್ಕೆ ಮೊದಲೇ ತೀರಿಕೊಂಡಿರುತ್ತಾರೆ. 2023ರ ಸೆಪ್ಟೆಂಬರ್ ನೆನಪಿದೆಯೇ? ಆಗಲೂ ಇದೇ ಕಾರಣಕ್ಕೆ ಕಟಾಫ್ ಸೊನ್ನೆ ಪರ್ಸೆಂಟೈಲಿಗೆ ಇಳಿದಿತ್ತು, ಅದೂ ಜನರಲ್ ಸೇರಿ ಎಲ್ಲ ಕೆಟಗರಿಗೂ. ಆ ವರ್ಷ ಸ್ಟೆತಸ್ಕೋಪ್ ಚಿತ್ರದ ಕಲಾವಿದರು ರಜೆಯಲ್ಲಿದ್ದರು.

ಸರ್ಕಾರ ಕೊಟ್ಟ ಸಮಜಾಯಿಷಿ ಬಲು ಚೆನ್ನಾಗಿತ್ತು. ಇವರೆಲ್ಲ ಎಂಬಿಬಿಎಸ್ ಪಾಸಾದ ಡಾಕ್ಟರುಗಳೇ, ನೀಟ್ ಪಿಜಿ ಇರುವುದು ಸರದಿ ಗೊತ್ತುಮಾಡುವುದಕ್ಕೆ, ಯೋಗ್ಯತೆ ಅಳೆಯುವುದಕ್ಕಲ್ಲ ಎಂದು. ನೂರಕ್ಕೆ ನೂರು ಒಪ್ಪಿದೆವು. ಮೀಸಲಾತಿ ಸೀಟಿನ ಹುಡುಗಿಯ ವಿಷಯದಲ್ಲೂ ಜನ ಇಷ್ಟು ವರ್ಷ ಹೇಳುತ್ತ ಬಂದದ್ದು ಇದನ್ನೇ ಅಲ್ಲವೇ? ಪ್ರವೇಶದ ಸಾಲಿನಲ್ಲಿ ಜಾತಿ ನೋಡುತ್ತಾರೆ. ಒಳಗೆ ಹೋದಮೇಲೆ ಥಿಯರಿ, ಪ್ರಾಕ್ಟಿಕಲ್, ವೈವಾ ಯಾವುದರಲ್ಲೂ ಪಾಸಿನ ಅಂಕ ಜಾತಿಗೊಂದು ಇಲ್ಲ. ಈ ಮಾತು ಅವಳ ಪರವಾಗಿ ಬಂದಾಗ ಓಲೈಕೆ, ಖಾಲಿ ಸೀಟಿನ ಪರವಾಗಿ ಬಂದಾಗ ನೀತಿ.

ಸರಿ, ಪ್ರತಿಭೆಯ ಸೀಟುಗಳನ್ನು ಮೀಸಲಾತಿ ನುಂಗಿತು ಅನ್ನುವವರಿಗಾಗಿ 150 ಎಂಬಿಬಿಎಸ್ ಸೀಟಿನ ಒಂದು ಖಾಸಗಿ ಕಾಲೇಜು ತೆಗೆದುಕೊಳ್ಳೋಣ. ಅಲ್ಪಸಂಖ್ಯಾತ ಸಂಸ್ಥೆಯಲ್ಲದ ಕಾಲೇಜುಗಳಲ್ಲಿ ನಮ್ಮ ರಾಜ್ಯದ ಹಂಚಿಕೆ ಸ್ಥೂಲವಾಗಿ ಹೀಗಿದೆ: ಸರ್ಕಾರಿ ಕೋಟಾಕ್ಕೆ ನೂರಕ್ಕೆ 40, ಖಾಸಗಿ ಕೋಟಾಕ್ಕೆ 40, ಎನ್‌ಆರ್‌ಐಗೆ 15, ಇತರೆ ಎಂಬ ಹೆಸರಿನಲ್ಲಿ ಉಳಿದ 5. ಜಾತಿ ಮೀಸಲಾತಿ ನಡೆಯುವುದು ಸರ್ಕಾರಿ ಕೋಟಾದ 60 ಸೀಟಿನಲ್ಲಿ ಮಾತ್ರ. ಎಸ್‌ಸಿಗೆ ಶೇ. 17, ಎಸ್‌ಟಿಗೆ ಶೇ. 7 ಎಂದರೆ ಕ್ರಮವಾಗಿ ಹತ್ತು ಮತ್ತು ನಾಲ್ಕು, ಒಟ್ಟು ಹದಿನಾಲ್ಕು. ಅತ್ತ ಎನ್‌ಆರ್‌ಐ ಮತ್ತು ಇತರೆ ಸೇರಿ ಮೂವತ್ತು. ಖಾಸಗಿ ಕೋಟಾದ ಅರವತ್ತನ್ನೂ ಕೂಡಿಸಿದರೆ 150ರಲ್ಲಿ 90 ಸೀಟಿಗೆ ರ‍್ಯಾಂಕಿನ ಜೊತೆ ಚೆಕ್ ಪುಸ್ತಕವೂ ಬೇಕು, ವರ್ಷಕ್ಕೆ ಹತ್ತು ಲಕ್ಷದ ಆಸುಪಾಸಿನಿಂದ ಶುರು. ಹೊಟ್ಟೆ ಕೊಯ್ಯಿಸಿಕೊಳ್ಳುವ ಭಯ ಮಾತ್ರ ಆ ಹದಿನಾಲ್ಕರಿಂದ.

ಎನ್‌ಆರ್‌ಐ ಕೋಟಾ ಎಂಬ ಜಾತಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. 2005ರ ಇನಾಮ್‌ದಾರ್ ತೀರ್ಪಿನಲ್ಲಿ ಇದಕ್ಕೆ ಶೇ. 15ರವರೆಗೆ ಅವಕಾಶ ಕೊಟ್ಟ ಸುಪ್ರೀಂ ಕೋರ್ಟೇ, ಈ ಹೆಸರೇ ತಪ್ಪು, ಇದರಲ್ಲಿ ಒಳಗೆ ಬರುವವರು ಕಡಿಮೆ ಪ್ರತಿಭೆಯ, ಆದರೆ ಹೆಚ್ಚು ಹಣ ತರಬಲ್ಲ ಮಕ್ಕಳು ಎಂದು ಅದೇ ತೀರ್ಪಿನಲ್ಲಿ ಬರೆದಿತ್ತು. ಬರೆದೂ ಬಾಗಿಲು ತೆರೆದೇ ಇಟ್ಟಿತು. 2024ರ ಆಗಸ್ಟಿನಲ್ಲಿ ಪಂಜಾಬ್ ಸರ್ಕಾರ ಆ ಬಾಗಿಲಿಗೆ ಹಿತ್ತಿಲೊಂದನ್ನು ಜೋಡಿಸಿತು. ಅಪ್ಪ ಅಮ್ಮ ವಿದೇಶದಲ್ಲಿರಬೇಕಾಗಿಲ್ಲ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ಅಜ್ಜ, ದಾಯಾದಿ ಯಾರಾದರೂ ಇದ್ದರಾಯಿತು ಎಂದು. ಕೂಡುಕುಟುಂಬ ಒಡೆದುಹೋಯಿತೆಂದು ಅಳುವವರಿಗೆ ಇದಕ್ಕಿಂತ ಸಂತೋಷದ ಸುದ್ದಿ ಉಂಟೇ? ಇಪ್ಪತ್ತು ವರ್ಷ ಮಾತಾಡಿಸದ ಕೆನಡಾದ ಸೋದರತ್ತೆಗೆ ಫೋನು ಹೋಗುತ್ತದೆ, ಅತ್ತೇ, ಆರೋಗ್ಯವಾ? ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಮೇಲ್ಮನವಿ ಹೋದಾಗ ಸುಪ್ರೀಂ ಕೋರ್ಟ್ ಇದನ್ನು ವಂಚನೆ ಎಂದೇ ಕರೆದು ಹೊರದಬ್ಬಿತು. ಸೋದರತ್ತೆಯ ರಕ್ತದಲ್ಲಿ ಮೆರಿಟ್ ಹರಿಯುತ್ತದೆಯೇ ಎಂದು ಕೇಳುವ ಫಾರ್ವರ್ಡ್ ಮಾತ್ರ ನಮ್ಮ ಯಾವ ಗ್ರೂಪಿಗೂ ಬರಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯದು. ತಾತ ಮಾಡಿದ ಅನ್ಯಾಯಕ್ಕೆ ಮೊಮ್ಮಗ ಯಾಕೆ ದಂಡ ಕಟ್ಟಬೇಕು? ಮೂರನೇ ಸಲ ನೀಟ್ ಬರೆದು, ಒಂದೆರಡು ಅಂಕದಲ್ಲಿ ಸೀಟು ತಪ್ಪಿಸಿಕೊಂಡ ಹುಡುಗ ಇದನ್ನು ಕೇಳಿದರೆ ನಗಲಾಗದು. ಆದರೆ ಈ ಪ್ರಶ್ನೆಗೆ ನಮ್ಮ ಧರ್ಮಶಾಸ್ತ್ರದವರು ಬಹಳ ಹಿಂದೆಯೇ ಉತ್ತರ ಬರೆದಿಟ್ಟಿದ್ದಾರೆ. ತಂದೆಯ ಸಾಲ ಮಗನಿಗೆ, ಅಜ್ಜನ ಸಾಲ ಮೊಮ್ಮಗನಿಗೆ, ತೀರಿಸದಿದ್ದರೆ ಹಿರಿಯರಿಗೆ ಸದ್ಗತಿಯಿಲ್ಲ. ಬ್ರಿಟಿಷರ ಕೋರ್ಟುಗಳೂ ಇದನ್ನು ಒಪ್ಪಿ ಡಿಕ್ರಿ ಕೊಡುತ್ತಿದ್ದವು. ಕಾನೂನಿನಲ್ಲಿ ಇದನ್ನು ಕೈಬಿಟ್ಟದ್ದು 2005ರಲ್ಲಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ ತಾತನ ಸಾಲ ಮೊಮ್ಮಗನದ್ದೇ ಆಗಿತ್ತು, ಯಾವ ಮೊಮ್ಮಗನೂ ಇದು ಸಮಾನತೆಗೆ ವಿರುದ್ಧ ಎಂದು ಬೀದಿಗಿಳಿಯಲಿಲ್ಲ. ತಾತನ ಗದ್ದೆ, ಮನೆ, ಬೆಳ್ಳಿ ತಟ್ಟೆ ಪಾಲಿಗೆ ಬರುವಾಗಲೂ ನಾನೇನು ದುಡಿದೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲವಲ್ಲ.

ಆ ನಿಯಮದಲ್ಲಿ ಒಂದು ವಿನಾಯಿತಿಯಿತ್ತು. ಜೂಜು, ಕುಡಿತದಂಥ ದುರ್ವ್ಯಸನಕ್ಕೆ ಮಾಡಿದ ಸಾಲ ಅವ್ಯಾವಹಾರಿಕ, ಅದನ್ನು ಮಗ ತೀರಿಸಬೇಕಾಗಿಲ್ಲ. ಹಾಗಾದರೆ ಊರ ಬಾವಿಗೆ ಬಿಡದೆ, ಶಾಲೆಯ ಜಗಲಿ ಹತ್ತಿಸದೆ ತಲೆಮಾರುಗಟ್ಟಲೆ ಕೂಡಿಟ್ಟ ಈ ಸಾಲ ವ್ಯವಹಾರವೋ ವ್ಯಸನವೋ? ಇದಕ್ಕೆ ಶಾಸ್ತ್ರ ಓದಿದವರೇ ಉತ್ತರ ಹೇಳಲಿ.

ಸಾಲ ಯಾರಿಗೆ ಮುಟ್ಟುತ್ತಿದೆ ಎಂಬ ತಕರಾರು ಬೇರೆ. ಐಎಎಸ್ ಅಧಿಕಾರಿಯ ಮಗನಿಗೂ ಎಸ್‌ಸಿ ಸೀಟು ಯಾಕೆ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ, ಇದನ್ನು ದಲಿತರೊಳಗಿನ ಹಿಂದುಳಿದ ಜಾತಿಗಳೇ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಕೇಳಿದವು. ಮೂರು ದಶಕ ಬೀದಿಯಲ್ಲಿ ಕೂತು ಒಳಮೀಸಲಾತಿ ಕೇಳಿದವು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಪ್ಪಿತು, ನಮ್ಮಲ್ಲಿ 2025ರಲ್ಲಿ ಎಸ್‌ಸಿಯ ಶೇ. 17ನ್ನು 6, 6, 5 ಎಂದು ಹಂಚಿದರು. ಅಷ್ಟು ವರ್ಷ ಆ ಟೆಂಟಿನ ಕಡೆಗೆ ಒಬ್ಬ ಮೆರಿಟ್ ಪ್ರೇಮಿಯೂ ಸುಳಿಯಲಿಲ್ಲ. ಅಧಿಕಾರಿಯ ಮಗನಿಗೆ ಸಿಗಬಾರದು ಎನ್ನುವುದಷ್ಟೇ ಅವರ ಆಸೆ, ಪೌರಕಾರ್ಮಿಕನ ಮಗಳಿಗೆ ಸಿಗಲಿ ಎನ್ನುವುದಲ್ಲ. ಇದನ್ನು ವಿಡಂಬನೆಯ ಧಾಟಿಯಲ್ಲಿ ಬರೆಯೋಣವೆಂದು ಕೂತೆ, ಆಗುತ್ತಿಲ್ಲ. ಸುಸ್ತಾಗಿದೆ. ಅದೇ ಪ್ರಶ್ನೆ, ಅದೇ ಉತ್ತರ, ಕೇಳುವವರಿಗೆ ಉತ್ತರ ಬೇಕಾಗಿಯೂ ಇಲ್ಲ.

ಮೈಸೂರಿಗೆ ಇದು ಹೊಸ ಜಗಳವೂ ಅಲ್ಲ. 1918ರಲ್ಲಿ ನಾಲ್ವಡಿಯವರು ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ಮಾಡಿದಾಗ ದಕ್ಷತೆ ಹಾಳಾಗುತ್ತದೆಂಬ ಮಾತು ದಿವಾನರ ಕಚೇರಿಯಿಂದಲೇ ಬಂತು, ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು. ಆಮೇಲೆ ಸಂಸ್ಥಾನವೇನೂ ಮುಳುಗಲಿಲ್ಲ. 1951ರ ಮದ್ರಾಸಿನ ಚಂಪಕಂ ದೊರೈರಾಜನ್ ಪ್ರಕರಣ ಇನ್ನೂ ಸೊಗಸು. ಜಾತಿವಾರು ಹಂಚಿಕೆಯಿಂದ ಮೆಡಿಕಲ್ ಸೀಟಿನಲ್ಲಿ ಅನ್ಯಾಯವಾಗುತ್ತದೆಂದು ಕೋರ್ಟಿಗೆ ಹೋಗಿ ಗೆದ್ದ ಆಕೆ ಆ ಸೀಟಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಆ ತೀರ್ಪಿನಿಂದಾಗಿಯೇ ಸಂವಿಧಾನಕ್ಕೆ ಮೊದಲನೇ ತಿದ್ದುಪಡಿಯಲ್ಲಿ ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡುವ 15(4) ಸೇರಿತು.

ಫಾರ್ವರ್ಡ್ ಕಳಿಸಿದವರಿಗೆ ಒಂದು ಕೆಲಸ ಕೊಡಬಹುದು. ಕೆಇಎ ವೆಬ್‌ಸೈಟಿನಲ್ಲಿ ಎಂಬಿಬಿಎಸ್ ಕಟಾಫ್ ಪಟ್ಟಿ ಪಿಡಿಎಫ್ ಸಿಗುತ್ತದೆ. ಕೊನೆಯ ಸುತ್ತಿನದು ತೆಗೆಯಿರಿ. ಸರ್ಕಾರಿ ಕಾಲೇಜಿನ ಎಸ್‌ಸಿ ಕಾಲಮ್ಮಿನಲ್ಲಿ ಸೀಟು ಮುಗಿದ ರ‍್ಯಾಂಕ್ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಖಾಸಗಿ ಕಾಲೇಜಿನ ಎನ್‌ಆರ್‌ಐ ಕಾಲಮ್ಮಿಗೆ ಬನ್ನಿ, ಅಂಕಿಗಳನ್ನು ಎಣಿಸಿಕೊಂಡು ಓದಿ, ಅಲ್ಲಿ ರ‍್ಯಾಂಕ್ ಇನ್ನೂ ಹಿಂದಿರುತ್ತದೆ. ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದು ಅದೇ ಗ್ರೂಪಿಗೆ ಹಾಕಿ. ಐದು ನಿಮಿಷದೊಳಗೆ ಅಡ್ಮಿನ್ ಡಿಲೀಟ್ ಮಾಡಿರುತ್ತಾರೆ, ದಯವಿಟ್ಟು ಇಲ್ಲಿ ರಾಜಕೀಯ ಬೇಡ, ಇದು ಫ್ಯಾಮಿಲಿ ಗ್ರೂಪ್ ಎಂದು.