ಜ್ವರಕ್ಕೆ ಎಷ್ಟು ವ್ಯೂಸ್ ಬಂತು?

ಹೊಂಡದ ವೀಡಿಯೋ ವೈರಲ್ ಆದ ಮಾರನೇ ದಿನವೇ ಹೊಂಡಕ್ಕೆ ಜಲ್ಲಿ ಬಂದು ಬಿದ್ದ ಸುದ್ದಿ ನೀವೂ ಓದಿರುತ್ತೀರಿ. ಯಾವ ರಸ್ತೆ ಅಂತ ಕೇಳಬೇಡಿ. ಶಿರಸಿ, ಸಿದ್ದಾಪುರ, ಕುಮಟಾ, ಎತ್ತ ಹೋದರೂ ಅದೇ ರಸ್ತೆ. ವರ್ಷಗಟ್ಟಲೆ ಕೊಟ್ಟ ಅರ್ಜಿಗೆ ಅಲುಗಾಡದ ಕುರ್ಚಿ, ಅರ್ಧ ನಿಮಿಷದ ವೀಡಿಯೋಕ್ಕೆ ಎದ್ದು ನಿಂತಿತು. ಜನರ ದನಿಗೆ ಇಷ್ಟು ಬೇಗ ಓಗೊಡುವ ಆಡಳಿತ ಯಾವ ಜಿಲ್ಲೆಯ ಪುಣ್ಯ! ದನಿ ಮೊದಲು ಫೋನಿನ ಒಳಗಿಂದ ಬರಬೇಕು, ಅಷ್ಟೇ.

ಇಂಥ ಊರಲ್ಲಿ ಬೆಳೆಯುವ ಮಕ್ಕಳ ತಲೆಯೊಳಗೆ ಏನು ಕೂರುತ್ತದೆ ಎಂಬುದಕ್ಕೆ ಒಂದು ಕಥೆ ಕಟ್ಟಿದ್ದೇನೆ. ಕಥೆಯೆಂದೇ ಓದಿ. ಆ ಮನೆ ಹುಡುಕಿಕೊಂಡು ಯಾರೂ ಸಿದ್ದಾಪುರದ ಬಸ್ಸು ಹತ್ತಬೇಡಿ.

ಜನವರಿ ಕೊನೆ. ಬೆಟ್ಟದಲ್ಲಿ ದರಕು ಗುಡಿಸಿ ಕೊಟ್ಟಿಗೆಗೆ ತರುವ ಕಾಲ. ಸೊಪ್ಪಿನ ಬೆಟ್ಟದಲ್ಲಿ ಒಂದು ಮಂಗ ಸತ್ತು ಬಿತ್ತು. ಪಕ್ಕದ ಮನೆಯ ಮಾಣಿ ಹವಾಯಿ ಚಪ್ಪಲಿ ಮೆಟ್ಟಿ, ಮೊಣಕಾಲಿನ ತನಕದ ಚಡ್ಡಿಯಲ್ಲಿ ಓಡಿಹೋಗಿ, ಮಂಗದ ಪಕ್ಕದಲ್ಲೇ ದರಕಿನ ಮೇಲೆ ಕುಕ್ಕರಗಾಲಲ್ಲಿ ಕೂತು "ನಮಸ್ಕಾರ ಸ್ನೇಹಿತರೇ" ಎಂದು ಶುರು ಮಾಡಿದ. ಮೂರನೇ ಕ್ಲಾಸಿನ ಕೂಸು ಅವನ ಹಿಂದೆಯೇ ನಿಂತು, ಮುಖಕ್ಕೆ ನೆರಳು ಬೀಳದ ಹಾಗೆ ಗಿಡದ ಟೊಂಗೆ ಬಗ್ಗಿಸಿ ಹಿಡಿದಿತ್ತು.

ಮಾಣಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿದ್ದ, ಮಂಗನ ಕಾಯಿಲೆ ಹರಡುವ ಉಣುಗುಗಳು ಕೆಳಗಿಳಿದು ಬೇರೆ ಮೈ ಹುಡುಕುತ್ತವೆ. ಮರಿ ಉಣುಗು ಎಳ್ಳುಕಾಳಿಗಿಂತ ಸಣ್ಣದು, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪಂಚಾಯ್ತಿಗೋ ಆರೋಗ್ಯ ಕೇಂದ್ರಕ್ಕೋ ಹೇಳಬೇಕು. ಅವರು ಬಂದು ಪರೀಕ್ಷೆಗೆ ಬೇಕಾದ್ದನ್ನು ತೆಗೆದುಕೊಂಡು, ಹೆಣ ಸುಟ್ಟು, ಸುತ್ತಲಿನ ನೆಲಕ್ಕೆ ಮೆಲಾಥಿಯಾನ್ ಪುಡಿ ಹೊಡೆಯಬೇಕು. ಮಾಣಿ ಹೇಳಿದ್ದು ಸ್ನೇಹಿತರಿಗೆ. ಸ್ನೇಹಿತರು ಲೈಕ್ ಹೊಡೆದರು. ಸಂಜೆಯೊಳಗೆ ವೀಡಿಯೋ ವೈರಲ್.

ಐದಾರು ದಿನ ಕಳೆದ ಮೇಲೆ ಕೂಸಿಗೆ ಜ್ವರ. ಬಂದದ್ದೇ ಜೋರು ಜ್ವರ; ತಲೆನೋವು, ಮೈಕೈನೋವು, ಕಣ್ಣು ಕೆಂಪು. ಆಯಿ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೊರಗೆ ಬೆಂಚಿನ ತುಂಬ ಜನ. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ತೆಗೆದು, "ವೈರಲ್ಲು, ಈಗ ಎಲ್ಲ ಕಡೆ ಇದೆ" ಎಂದರು. ಎಲ್ಲ ಕಡೆ ಇದೆ ಎಂದಮೇಲೆ ಮುಗಿಯಿತು, ನಮ್ಮವರಿಗೆ ಅದೊಂದು ಸಮಾಧಾನ. ಚೀಟಿಯಲ್ಲಿ ಜ್ವರದ ಮಾತ್ರೆ, ಜೊತೆಗೆ "ಇರಲಿ" ಅಂತ ಐದು ದಿನದ ಆಂಟಿಬಯೋಟಿಕ್. ವೈರಸ್ಸಿಗೆ ಆಂಟಿಬಯೋಟಿಕ್ ನಾಟುವುದಿಲ್ಲ ಎಂಬ ಪೋಸ್ಟರು ಡಾಕ್ಟರ ತಲೆಯ ಹಿಂದೆಯೇ ಇತ್ತು. ಅವರಿಗೆ ಕಾಣುವುದಿಲ್ಲ, ಬೆನ್ನು ಹಾಕಿ ಕೂತಿರುತ್ತಾರಲ್ಲ.

ಅಷ್ಟರಲ್ಲಿ ಕಣ್ಣು ಮುಚ್ಚಿ ಒರಗಿದ್ದ ಕೂಸು ಎದ್ದು ಕೂತಿತು.

"ಆಯೀ, ಎಂಗೂ ವೈರಲ್ ಆತಡ! ಎಷ್ಟು ವ್ಯೂಸ್ ಬಂತಡ?"

"ಸುಮ್ನಿರೇ ಕೂಸೇ."

"ಮೊದ್ಲು ಮಂಗಂದು ಆತು. ಈಗ ಎಂಗೆ ಆತು."

ಡಾಕ್ಟರ ಪೆನ್ನು ನಿಂತಿತು. "ಯಾವ ಮಂಗ?"

ಈ ಒಂದು ಪ್ರಶ್ನೆ ಮೊದಲೇ ಬರಬೇಕಿತ್ತು. ಡಿಸೆಂಬರಿನಿಂದ ಮೇ ತನಕ ಸಿದ್ದಾಪುರದ ಕಡೆಯ ಮನುಷ್ಯನೊಬ್ಬ ಜ್ವರ ಅಂತ ಬಂದರೆ, ಬೆಟ್ಟಕ್ಕೆ ಹೋಗಿದ್ದಿರಾ, ಸುತ್ತಮುತ್ತ ಮಂಗ ಸತ್ತಿದೆಯಾ ಎಂದು ಕೇಳಲು ದೊಡ್ಡ ಯಂತ್ರವೇನೂ ಬೇಡ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಇರುವುದು ಸೊರಬ ತಾಲೂಕಿನಲ್ಲಿ, ನಮ್ಮ ಬೇಲಿಯ ಆಚೆ. ಉಣುಗು ತಾಲೂಕಿನ ಗಡಿಯ ಕಲ್ಲು ಓದಿಕೊಂಡು ವಾಪಸು ಹೋಗುವುದಿಲ್ಲ.

ಮಂಗನ ಕಾಯಿಲೆಗೆ ಔಷಧವೇ ಇಲ್ಲ, ಗೊತ್ತಾದರೆಷ್ಟು ಬಿಟ್ಟರೆಷ್ಟು ಎನ್ನುವವರಿದ್ದಾರೆ. ಅದಕ್ಕೆಂದೇ ಆದ ಔಷಧ ಇಲ್ಲ, ನಿಜ. ಹಳೆಯ ಲಸಿಕೆಯೂ ಸಾಲದೆಂದು 2022ರಲ್ಲಿ ನಿಂತಿತು. ಆದರೆ ಗೊತ್ತಾದವರಿಗೆ ದಿನವೂ ಪ್ಲೇಟ್‌ಲೆಟ್ ನೋಡುತ್ತಾರೆ, ಒಸಡಿನಲ್ಲೋ ಮೂಗಿನಲ್ಲೋ ರಕ್ತ ಬಂತೇ ಎಂದು ಕೇಳುತ್ತಾರೆ, ಮೈಯಲ್ಲಿ ನೀರು ಕಡಿಮೆಯಾಗದ ಹಾಗೆ ನೋಡಿಕೊಳ್ಳುತ್ತಾರೆ. ಹೆಚ್ಚಿನವರು ಹೀಗೇ ಗುಣವಾಗುತ್ತಾರೆ, ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಇನ್ನು ಜ್ವರ ಬಿಟ್ಟಿತು ಅಂದಕೂಡಲೇ ಮುಗಿದೂ ಹೋಗುವುದಿಲ್ಲ. ಕೆಲವರಿಗೆ ವಾರವೋ ಎರಡು ವಾರವೋ ಆರಾಮಾಗಿದ್ದು ಮತ್ತೆ ಜ್ವರ ಮರುಕಳಿಸುತ್ತದೆ. ಆಗ ಕುತ್ತಿಗೆ ಸೆಟೆಯುವುದು, ಕೈ ನಡುಗುವುದು, ಮಾತು ತಪ್ಪುವುದು ಶುರುವಾದರೆ ಮನೆಯಲ್ಲಿ ಕೂರುವ ಹಾಗಿಲ್ಲ. ಬರೀ "ವೈರಲ್ಲು" ಎಂದು ಕಳಿಸಿದ ಮನೆಯವರಿಗೆ ಇದು ಗೊತ್ತಾಗುವುದಾದರೂ ಹೇಗೆ? ಜ್ವರ ಬಿಟ್ಟ ಮೂರನೇ ದಿನ ಮತ್ತೆ ದರಕಿಗೆ ಹೋಗಿರುತ್ತಾರೆ.

ಡಾಕ್ಟರು ಆಂಟಿಬಯೋಟಿಕ್ ಹೊಡೆದುಹಾಕಿ ರಕ್ತ ತೆಗೆಸಿದರು. ಮಾದರಿ ಶಿವಮೊಗ್ಗಕ್ಕೆ ಹೋಯಿತು. "ಹೆಚ್ಚಾದ್ರೆ ಎಂತ ಮಾಡದು ಡಾಕ್ಟ್ರೇ?" ಎಂದು ಆಯಿ ಕೇಳಿದಳು. ಉತ್ತರ ನಿಮಗೂ ಗೊತ್ತು: ಮಣಿಪಾಲ. ಉತ್ತರ ಕನ್ನಡದಲ್ಲಿ ಯಾವ ಕಾಯಿಲೆಗೂ ಕೊನೆಯ ಔಷಧ ಒಂದು ಆಂಬುಲೆನ್ಸು, ಒಂದು ಘಟ್ಟ, ಒಂದು ಹೆದ್ದಾರಿ.

ತಮಾಷೆ ಇಲ್ಲಿಗೆ ಸಾಕು. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ, ಒದ್ದೆ ರಸ್ತೆಯಲ್ಲಿ ಜಾರಿ ಬಡಿದು ನಾಲ್ಕು ಜನ ಸತ್ತರು. ಟೋಲ್‌ಗೇಟಿನ ಕ್ಯಾಮೆರಾದಲ್ಲಿ ದಾಖಲಾದ ಆ ದೃಶ್ಯವನ್ನು ದೇಶವೇ ನೋಡಿತು. ಇದಕ್ಕಿಂತ ವೈರಲ್ ಆಗಲು ಇನ್ನೇನು ಮಾಡಬೇಕಿತ್ತು ನಾವು? ಟ್ವಿಟರ್‌ನಲ್ಲಿ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಎಂದು ಬೊಬ್ಬೆ ಹೊಡೆದೆವು, ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ ಎಂದೆವು. ಭರವಸೆ ಬಂತು, ಜಾಗದ ಚರ್ಚೆ ಬಂತು, ಕುಮಟಾವೋ ಕಾರವಾರವೋ ಶಿರಸಿಯೋ ಎಂದು ನಮ್ಮನಮ್ಮಲ್ಲೇ ಜಗಳವೂ ಬಂತು. ಹೊಂಡಕ್ಕೆ ಮಾರನೇ ದಿನ ಜಲ್ಲಿ ಬೀಳುತ್ತದೆ, ನಾಲ್ಕು ಹೆಣಕ್ಕೆ ಬರೀ ಹೇಳಿಕೆ ಬೀಳುತ್ತದೆ. ಬೇಸರ ಬಂದುಹೋಗಿದೆ ಸ್ವಾಮಿ.

ಕಥೆಗೆ ಬರೋಣ. ಕೂಸಿನ ರಿಪೋರ್ಟು ಬಂತು, ಮಂಗನ ಕಾಯಿಲೆ ಅಲ್ಲ. ಜ್ವರವೂ ಇಳಿಯಿತು. ಅಷ್ಟರೊಳಗೆ ಮಾಣಿ ಇನ್ನೊಂದು ವೀಡಿಯೋ ಬಿಟ್ಟಿದ್ದ: ಹಾಸಿಗೆಯಲ್ಲಿ ಕೂಸು, ಹಿಂದೆ ಶೋಕದ ಸಂಗೀತ, "ಪುಟ್ಟ ಕಂದಮ್ಮನಿಗೆ ಮಂಗನ ಕಾಯಿಲೆ?" ಎಂಬ ಕೆಂಪಕ್ಷರ. ಕೂಸು ನಿಜಕ್ಕೂ ವೈರಲ್ ಆಯಿತು. ಆಶಾ ಕಾರ್ಯಕರ್ತೆ ಡಿಸೆಂಬರಿನಿಂದ ಕೇಳುತ್ತಿದ್ದ ಡೆಪಾ ಎಣ್ಣೆ, ಉಣುಗು ಕಚ್ಚದ ಹಾಗೆ ಬೆಟ್ಟಕ್ಕೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಬೇಕಾದದ್ದು, ಮರುದಿನ ಒಂದು ರಟ್ಟಿನ ಪೆಟ್ಟಿಗೆ ತುಂಬ ಜೀಪಿನಲ್ಲಿ ಬಂತು. ಜೊತೆಗೆ ಸಾಹೇಬರು, ಸಾಹೇಬರ ಜೊತೆ ಫೋಟೋದವರು. ಜಗುಲಿಯಲ್ಲಿ ಕೂಸಿನ ಕೈಗೆ ಬಾಟಲಿ ಕೊಡುವ ಫೋಟೋ ಮೂರು ಸಲ ಆಯಿತು.

"ಮಂಗ ಬಿದ್ದ ಜಾಗ ಎಲ್ಲಿ, ತೋರಿಸು" ಎಂದರು ಸಾಹೇಬರು. ಮಾಣಿ ಹವಾಯಿ ಚಪ್ಪಲಿಯಲ್ಲಿ ಫೋನು ಎತ್ತಿ ಹಿಡಿದು ಮುಂದೆ ಹೊರಟ. ಅವನ ಹಿಂದೆ ಸಾಹೇಬರು, ಫೋಟೋದವರು, ಅರ್ಧ ಊರು, ಎಲ್ಲರೂ ದರಕು ತುಳಿದುಕೊಂಡು ಬೆಟ್ಟ ಹತ್ತಿದರು. ಎಣ್ಣೆಯ ಪೆಟ್ಟಿಗೆಯನ್ನು ಜೀಪಿನಲ್ಲೇ ಇಟ್ಟು, ಕದ್ದಾರೆಂದು ಡ್ರೈವರು ಬಾಗಿಲಿಗೆ ಬೀಗ ಹಾಕಿದ.